ನೋವಿಲ್ಲದೆ ಬಂದು ನಿಂತುಹೋಗುವ ರಕ್ತ

ಮೂತ್ರ ಕೆಂಪಾದರೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ಎಳನೀರು ಕುಡಿಸುತ್ತಾರೆ. ಎರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ. ಎಲ್ಲರೂ ಅದನ್ನು ಮರೆತುಬಿಡುತ್ತಾರೆ. ಆದರೆ ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ರಕ್ತ ಎಳನೀರು ಕುಡಿಯದಿದ್ದರೂ ತಾನಾಗಿಯೇ ನಿಲ್ಲುವುದುಂಟು.

ನಲವತ್ತು ವರ್ಷ ಬೀಡಿ ಸೇದಿದ, 65 ವರ್ಷದ ಒಬ್ಬ ಅಜ್ಜನನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹೊಗೆಯ ವಿಷವಸ್ತುಗಳು ರಕ್ತಕ್ಕೆ ಸೇರುತ್ತವೆ. ಮೂತ್ರಪಿಂಡ ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುವುದರಿಂದ ಅದರ ಒಳಪದರದ ಜೀವಕೋಶಗಳು ವರ್ಷಗಳ ಕಾಲ ವಿಷದಲ್ಲಿ ನೆನೆಯುತ್ತವೆ. ಅಲ್ಲಿ ಬೆಳೆದ ಗೆಡ್ಡೆಯ ರಕ್ತನಾಳಗಳು ತೀರಾ ನಾಜೂಕು. ಒಂದು ಒಡೆದರೆ ರಕ್ತ ಬರುತ್ತದೆ, ಹೆಪ್ಪುಗಟ್ಟಿದರೆ ನಿಲ್ಲುತ್ತದೆ. ಗೆಡ್ಡೆ ಮಾತ್ರ ಅಲ್ಲೇ ಇರುತ್ತದೆ. ಕಲ್ಲಿದ್ದರೆ ಸಾಮಾನ್ಯವಾಗಿ ಸೊಂಟ ನೋಯುತ್ತದೆ, ಸೋಂಕಾಗಿದ್ದರೆ ಉರಿಯುತ್ತದೆ. ಈ ಅಜ್ಜನಿಗೆ ಎರಡೂ ಇಲ್ಲ. ನೋವಿಲ್ಲ ಎಂಬುದೇ ಇಲ್ಲಿ ಎಚ್ಚರಿಕೆ.

ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮೊದಲ ಹೆಜ್ಜೆ. ಆದರೆ ಸಣ್ಣ ಗೆಡ್ಡೆ ಸ್ಕ್ಯಾನಿಂಗ್‌ನಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಮೂತ್ರರೋಗ ತಜ್ಞರು ಸಿಸ್ಟೋಸ್ಕೋಪಿ ಮಾಡುತ್ತಾರೆ. ಮರಗಟ್ಟಿಸುವ ಜೆಲ್ ಹಾಕಿ, ದೀಪ ಮತ್ತು ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಮೂತ್ರನಾಳದ ಮೂಲಕ ಒಳಗೆ ಇಳಿಸುತ್ತಾರೆ. ನೋಡಲು ಕೆಲವೇ ನಿಮಿಷ ಸಾಕು. ಆರೋಗ್ಯವಂತ ಒಳಪದರ ನಸುಗೆಂಪಾಗಿ ನಯವಾಗಿರುತ್ತದೆ. ಅಜ್ಜನಲ್ಲಿ ಸಣ್ಣ ತೊಟ್ಟಿನ ಮೇಲೆ ಹೂಕೋಸಿನಂತೆ ಕವಲೊಡೆದ ಗೆಡ್ಡೆ ಕಾಣಿಸಿತು ಎನ್ನೋಣ. ಕೆಲವರಲ್ಲಿ ಗೆಡ್ಡೆಯೇ ಇರುವುದಿಲ್ಲ, ಮಖಮಲ್ಲಿನಂಥ ಕೆಂಪು ಕಲೆ ಮಾತ್ರ ಇರುತ್ತದೆ. ನೋಡಲು ಸಣ್ಣದಾದರೂ ಅದು ಹೆಚ್ಚು ಅಪಾಯಕಾರಿ.

ಗೆಡ್ಡೆಯನ್ನು ಅರಿವಳಿಕೆ ಕೊಟ್ಟು ಅದೇ ದಾರಿಯಲ್ಲಿ ಕೆರೆದು ತೆಗೆಯುತ್ತಾರೆ. ಹೊಟ್ಟೆ ಕೊಯ್ಯಬೇಕಾಗಿಲ್ಲ. ತೆಗೆದ ತುಂಡಿನಲ್ಲಿ ಕ್ಯಾನ್ಸರ್ ಸ್ನಾಯುಪದರಕ್ಕೆ ಇಳಿದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸುಮಾರು ನಾಲ್ವರಲ್ಲಿ ಮೂವರಿಗೆ ಮೊದಲ ಸಲ ಪತ್ತೆಯಾದಾಗ ಅದು ಇಳಿದಿರುವುದಿಲ್ಲ. ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು.

ಅಜ್ಜನಿಗೆ ಇಳಿದಿರಲಿಲ್ಲ ಎಂದುಕೊಳ್ಳೋಣ. ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ತೆಗೆದದ್ದು ಒಂದು ಗೆಡ್ಡೆ; ವಿಷದಲ್ಲಿ ನೆನೆದದ್ದು ಇಡೀ ಒಳಪದರ. ಬೇರೊಂದು ಜಾಗದಲ್ಲಿ ಹೊಸ ಗೆಡ್ಡೆ ಹುಟ್ಟಬಹುದು. ಮರಳಿ ಬಂದಾಗಲೂ ಮೊದಮೊದಲು ನೋವಾಗಲಿ ರಕ್ತವಾಗಲಿ ಇರಬೇಕೆಂದಿಲ್ಲ. ಅದಕ್ಕಾಗಿ ಮೂರು ತಿಂಗಳಿಗೆ ಮತ್ತೆ ಸಿಸ್ಟೋಸ್ಕೋಪಿ. ಅಪಾಯ ಹೆಚ್ಚಿರುವವರಿಗೆ ಸಾಮಾನ್ಯವಾಗಿ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಅನಂತರ ಬದುಕಿರುವವರೆಗೂ ವರ್ಷಕ್ಕೊಮ್ಮೆ. ಅಪಾಯ ಕಡಿಮೆ ಇದ್ದವರಿಗೆ ಐದು ವರ್ಷಗಳ ಬಳಿಕ ನಿಲ್ಲಿಸಬಹುದೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಕಡಬದ ಒಳಹಳ್ಳಿಯಿಂದ ಮಂಗಳೂರಿಗೆ ಹೋಗಿಬರಲು ಒಂದು ದಿನ ಬೇಕು, ಒಬ್ಬರ ಕೂಲಿಯೂ ಹೋಗುತ್ತದೆ. ‘ಈಗ ಆರಾಮಾಗಿದ್ದೇನೆ’ ಎಂದು ಅಜ್ಜ ಎರಡನೆಯ ವರ್ಷ ತಪ್ಪಿಸಿಕೊಳ್ಳುವುದು ಹೀಗೆ. ಬೇಗ ಕಂಡರೆ ಕೆರೆದು ತೆಗೆಯಬಹುದಾದ ಗೆಡ್ಡೆ, ತಡವಾದರೆ ಸ್ನಾಯುವಿಗೆ ಇಳಿದಿರಬಹುದು. ಮುಂದಿನ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಜ್ಜನ ಜೊತೆಗೆ ಬಸ್ಸು ಹತ್ತುವ ಕೆಲಸವನ್ನು ಮನೆಯ ವಿದ್ಯಾರ್ಥಿ ವಹಿಸಿಕೊಳ್ಳಬಹುದು.