ಹಳೆಯ ಅಂಗಡಿಯ ಬಾಕಿ ತೀರದೆ ಹೊಸ ಅಂಗಡಿಗೆ ದಾರಿಯಿಲ್ಲ

ಆರು ವರ್ಷ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದು ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಮರಳಿದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ರಮ್ಯಾ ಎಂದು ಕರೆಯೋಣ. ಮನೆ ಸಿಕ್ಕಿತು, ಗ್ಯಾಸ್ ಬಂತು, ಬ್ಯಾಂಕಿನ ಕೆಲಸವೂ ಮುಗಿಯಿತು. ಆದರೆ ಬ್ಯಾಂಕಿನ ಆ್ಯಪ್ ಹಾಕಿಕೊಳ್ಳಲು ಹೋದರೆ ಐಫೋನಿನ ಆ್ಯಪ್ ಸ್ಟೋರಿನಲ್ಲಿ ಅದು ಕಾಣುವುದೇ ಇಲ್ಲ. ಆಕೆ ಭಾರತಕ್ಕೆ ಬಂದಿದ್ದರೂ ಆಕೆಯ ಆಪಲ್ ಖಾತೆ ಇನ್ನೂ ಅಮೆರಿಕದಲ್ಲೇ ಇದೆ. ಆ ಆ್ಯಪ್ ಇರುವುದು ಭಾರತದ ಅಂಗಡಿಯಲ್ಲಿ ಮಾತ್ರ.

ದೇಶ ಬದಲಿಸುವ ಜಾಗ ಹುಡುಕುವುದು ಕಷ್ಟವಲ್ಲ. Settings ತೆರೆದು ಮೇಲಿರುವ ಹೆಸರನ್ನು ಒತ್ತಿ, Media & Purchases, View Account, Country/Region ಎಂದು ಒಂದಾದ ಮೇಲೊಂದು ಒತ್ತಿದರಾಯಿತು. ರಮ್ಯಾ ಅಲ್ಲಿಗೆ ಹೋದಳು. ಖಾತೆಯಲ್ಲಿ ಹಣ ಉಳಿದಿದೆ, ಅದನ್ನು ಖರ್ಚು ಮಾಡಿ ಬನ್ನಿ ಎಂದಿತು ಪರದೆ. ಯಾವುದೋ ಹುಟ್ಟುಹಬ್ಬಕ್ಕೆ ಬಂದ ಗಿಫ್ಟ್ ಕಾರ್ಡಿನಲ್ಲಿ ಉಳಿದ 2 ಡಾಲರ್ 37 ಸೆಂಟ್. ಇಷ್ಟು ಚಿಲ್ಲರೆಗೆ ಇಷ್ಟೊಂದು ಹಠವೇ ಅನ್ನಿಸುತ್ತದೆ. ‘ಬೇಡ, ನೀವೇ ಇಟ್ಟುಕೊಳ್ಳಿ’ ಎನ್ನುವ ಗುಂಡಿಯೂ ಅಲ್ಲಿಲ್ಲ.

ಈ ಹಠದ ಮೂಲ ಲೆಕ್ಕದ ಪುಸ್ತಕದಲ್ಲಿದೆ. ಸ್ಟೋರಿನ ಬ್ಯಾಲೆನ್ಸನ್ನು ನಾವು ಪರ್ಸಿನಲ್ಲಿರುವ ದುಡ್ಡು ಎಂದುಕೊಳ್ಳುತ್ತೇವೆ. ಅದು ದುಡ್ಡಲ್ಲ, ಅಂಗಡಿ ನಮಗೆ ಕೊಡಬೇಕಾದ ಸಾಲ. ಕಿರಾಣಿ ಅಂಗಡಿಯಲ್ಲಿ ಐನೂರು ಕೊಟ್ಟು ಮುನ್ನೂರರ ಸಾಮಾನು ತಂದರೆ, ಶೆಟ್ಟರು ಪುಸ್ತಕದಲ್ಲಿ ನಮ್ಮ ಹೆಸರಿಗೆ ಇನ್ನೂರು ಜಮೆ ಬರೆದುಕೊಳ್ಳುತ್ತಾರೆ. ಅದನ್ನು ಆ ಅಂಗಡಿಯ ಸಾಮಾನಿನಲ್ಲೇ ತೀರಿಸಿಕೊಳ್ಳಬೇಕು. ಮುಂದಿನ ಬೀದಿಯಲ್ಲಿ ಅದೇ ಹೆಸರಿನ ಬೋರ್ಡು ಇರುವ ಇನ್ನೊಂದು ಅಂಗಡಿಗೆ ಹೋಗಿ ಕೇಳಿದರೆ ‘ಆ ಪುಸ್ತಕ ನಮ್ಮದಲ್ಲ’ ಎನ್ನುತ್ತಾರೆ.

ಆ್ಯಪ್ ಸ್ಟೋರ್ ಕೂಡ ಒಂದೇ ಬೋರ್ಡಿನ ಹಲವು ಅಂಗಡಿ. 175 ದೇಶ, ಪ್ರದೇಶಗಳಲ್ಲಿ ಅದು ಬೇರೆ ಬೇರೆ ಸ್ಟೋರ್ ಆಗಿ ನಡೆಯುತ್ತದೆ. ಮಾರಾಟಗಾರ ಕಂಪನಿಯೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಗಿರಾಕಿಗೆ ಕ್ಯುಪರ್ಟಿನೊದ ಆಪಲ್ ಇಂಕ್, ಜಪಾನಿನವರಿಗೆ ಟೋಕಿಯೊದ ಐಟ್ಯೂನ್ಸ್ ಕೆ.ಕೆ., ಯುರೋಪಿನವರಿಗೆ ಐರ್ಲೆಂಡಿನ ಕಾರ್ಕ್ ಊರಿನಲ್ಲಿರುವ ಆಪಲ್ ಡಿಸ್ಟ್ರಿಬ್ಯೂಷನ್ ಇಂಟರ್‌ನ್ಯಾಷನಲ್. ಅಮೆರಿಕದ ಗಿಫ್ಟ್ ಕಾರ್ಡನ್ನು ಹೊರಡಿಸುವುದಕ್ಕೇ ಆಪಲ್ ವ್ಯಾಲ್ಯೂ ಸರ್ವೀಸಸ್ ಎಂಬ ಇನ್ನೊಂದು ಕಂಪನಿ ಇದೆ, ಆ ಕಾರ್ಡು ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ರಮ್ಯಾಳ 2.37 ಡಾಲರನ್ನು ರೂಪಾಯಿ ಮಾಡಿ ಭಾರತದ ಖಾತೆಗೆ ಹಾಕುವುದೆಂದರೆ ಒಂದು ಕಂಪನಿಯ ಸಾಲವನ್ನು ಗಡಿ ದಾಟಿಸಿ, ಹಣ ವಿನಿಮಯ ಮಾಡಿ, ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಅದಕ್ಕೆ ವಿನಿಮಯ ದರ ಬೇಕು, ಎರಡೂ ದೇಶಗಳ ತೆರಿಗೆಯ ಲೆಕ್ಕ ಬೇಕು. ಮೇಲಾಗಿ ಒಂದು ದೇಶದಲ್ಲಿ ಗಿಫ್ಟ್ ಕಾರ್ಡ್ ಕೊಂಡು ಇನ್ನೊಂದು ದೇಶದಲ್ಲಿ ದುಡ್ಡು ಮಾಡಿಕೊಳ್ಳುವವರಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ. ಇದೆಲ್ಲದರ ಬದಲು ‘ಅಲ್ಲೇ ತೀರಿಸಿ ಬನ್ನಿ’ ಎನ್ನುವುದು ಸುಲಭ.

ಚಂದಾ ಕೂಡ ಇಂಥದೇ ಸಾಲ. ವ್ಯತ್ಯಾಸ ಇಷ್ಟೇ: ಅಲ್ಲಿ ಬಾಕಿ ಇರುವುದು ಹಣವಲ್ಲ, ದಿನಗಳು. ರಮ್ಯಾ ಚಿತ್ರ ಬಿಡಿಸುವ ಆ್ಯಪ್ ಒಂದಕ್ಕೆ ಮಾರ್ಚ್ 14ರಂದು ಒಂದು ವರ್ಷದ ಚಂದಾ ಕಟ್ಟಿದ್ದಳು. ಜೂನ್ ಹೊತ್ತಿಗೆ ಅಮೆರಿಕದ ಅಂಗಡಿ ಆಕೆಗೆ ಇನ್ನೂ ಒಂಬತ್ತು ತಿಂಗಳ ಸೇವೆ ಕೊಡಬೇಕು. ಅದರ ಬೆಲೆ ಡಾಲರಿನಲ್ಲಿದೆ. ಭಾರತದಲ್ಲಿ ಅದೇ ಚಂದಾಕ್ಕೆ ಬೇರೆ ಬೆಲೆ ಇರಬಹುದು, ಅದರ ಮೇಲೆ ಇಲ್ಲಿನ ಜಿಎಸ್‌ಟಿ ಬರುತ್ತದೆ. ಆ ಆ್ಯಪನ್ನು ಇಲ್ಲಿ ಮಾರದೆಯೂ ಇರಬಹುದು.

ಇನ್ನೊಂದು ತೊಡಕು ಹಣ ಕಡಿತದ ಒಪ್ಪಿಗೆಯದು. ಚಂದಾ ಎಂದರೆ ಗಡುವು ಬಂದಾಗಲೆಲ್ಲ ನನ್ನ ಖಾತೆಯಿಂದ ಇಷ್ಟು ತೆಗೆದುಕೊಳ್ಳಿ ಎಂದು ಕೊಟ್ಟ ಅಪ್ಪಣೆ. ರಮ್ಯಾ ಅದನ್ನು ಕೊಟ್ಟಿದ್ದು ಅಮೆರಿಕದ ಕಾರ್ಡಿನ ಮೇಲೆ. ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟಿನ ನಿಯಮವಿದೆ. ಇಂಥ ಕಡಿತಕ್ಕೆ ಗ್ರಾಹಕ ಮೊದಲೇ ಮ್ಯಾಂಡೇಟ್ ಕೊಟ್ಟಿರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಹೋಗಬೇಕು. ಹಳೆಯ ಒಪ್ಪಿಗೆಯನ್ನೇ ರೂಪಾಯಿಗೆ ತಿರುಗಿಸಿಕೊಂಡರೆ ನಡೆಯದು. ಹೊಸ ದೇಶದಲ್ಲಿ ಹೊಸ ಒಪ್ಪಿಗೆಯೇ ಆಗಬೇಕು.

ಹಾಗಾದರೆ ರಮ್ಯಾ ಏನು ಮಾಡಬೇಕು? ಮೊದಲ ಕೆಲಸ, Settings ಒಳಗೆ ತನ್ನ ಹೆಸರಿನ ಕೆಳಗಿರುವ Subscriptions ತೆರೆದು ಅಲ್ಲಿರುವ ಎಲ್ಲ ಚಂದಾಗಳನ್ನೂ ರದ್ದು ಮಾಡುವುದು. ಬಹಳ ಜನ ಎಡವುವುದು ಇಲ್ಲೇ. ರದ್ದು ಮಾಡಿದೆ, ಮುಗಿಯಿತು ಎಂದುಕೊಳ್ಳುತ್ತಾರೆ. ರದ್ದು ಮಾಡಿದರೆ ಮುಂದಿನ ನವೀಕರಣ ಮಾತ್ರ ನಿಲ್ಲುತ್ತದೆ, ಹಣ ಕಟ್ಟಿದ ಅವಧಿ ಮುಗಿಯುವವರೆಗೂ ಚಂದಾ ಜೀವಂತ. ತಿಂಗಳ ಚಂದಾ ಆದರೆ ಕೆಲವು ವಾರ ಕಾಯಬೇಕು. ಮಾರ್ಚ್ 14ರ ವಾರ್ಷಿಕ ಚಂದಾಕ್ಕೆ ಮುಂದಿನ ಮಾರ್ಚ್‌ವರೆಗೆ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ reportaproblem.apple.com ನಲ್ಲಿ ಹಣ ವಾಪಸ್ ಕೇಳಬಹುದು, ಕೊಡುತ್ತಾರೆಂಬ ಖಾತ್ರಿಯಿಲ್ಲ. ಕೊಟ್ಟರೂ ಅದು ಸ್ಟೋರ್ ಬ್ಯಾಲೆನ್ಸ್ ಆಗಿ ಬಂದರೆ ಅದನ್ನೂ ತೀರಿಸಬೇಕು, ಬರುವುದು ಬಾಕಿ ಇದ್ದರೆ ಬರುವವರೆಗೆ ಕಾಯಬೇಕು. ಮುಂಗಡ ಬುಕಿಂಗ್, ಬಾಡಿಗೆಗೆ ಪಡೆದ ಸಿನಿಮಾಗಳಿಗೂ ಇದೇ ಕಟ್ಟು.

ಎರಡನೆಯದು ಆ 2.37 ಡಾಲರ್. ಹಳೆಯ ಅಮೆರಿಕದ ಕಾರ್ಡ್ ಇನ್ನೂ ಖಾತೆಯಲ್ಲಿದ್ದರೆ ಇದು ಐದು ನಿಮಿಷದ ಕೆಲಸ. 2.99 ಡಾಲರಿನ ಯಾವುದಾದರೂ ಆ್ಯಪ್ ಕೊಂಡರೆ 2.37 ಬ್ಯಾಲೆನ್ಸಿನಿಂದ ಹೋಗುತ್ತದೆ, ಉಳಿದ 62 ಸೆಂಟ್ ಕಾರ್ಡಿನಿಂದ. ಖಾತೆ ಸೊನ್ನೆ. ಕಾರ್ಡನ್ನು ಆಗಲೇ ಮುಚ್ಚಿಬಿಟ್ಟಿದ್ದರೆ, ಉಳಿದ ಚಿಲ್ಲರೆಗೆ ಏನೂ ಸಿಗದಿದ್ದರೆ, ಆಪಲ್‌ನ ಗ್ರಾಹಕ ಸಹಾಯಕ್ಕೆ ಬರೆದು ಕೇಳಬೇಕು. ಆದ್ದರಿಂದ ವಿದೇಶದ ಬ್ಯಾಂಕ್ ಖಾತೆ ಮುಚ್ಚುವ ಮುಂಚೆಯೇ ಈ ಕೆಲಸ ಮುಗಿಸುವುದು ಜಾಣತನ.

ಮೂರನೆಯದು ಮನೆಮಂದಿಯ ವಿಷಯ. Family Sharing ಗುಂಪಿನಲ್ಲಿರುವ ಎಲ್ಲರ ಖಾತೆಯೂ ಒಂದೇ ದೇಶದಲ್ಲಿರಬೇಕು. ಗಂಡ ಇನ್ನೂ ಸ್ಯಾನ್ ಹೋಸೆಯಲ್ಲಿದ್ದರೆ ರಮ್ಯಾ ಮೊದಲು ಗುಂಪಿನಿಂದ ಹೊರಬರಬೇಕು. ಕೊನೆಗೆ, ಭಾರತದ ವಿಳಾಸ ಮತ್ತು ಇಲ್ಲಿ ನಡೆಯುವ ಯುಪಿಐನಂಥ ಪಾವತಿ ವಿಧಾನ ಕೊಟ್ಟರೆ ಖಾತೆ ಇತ್ತ ಬರುತ್ತದೆ. ಮೊದಲು ಕೊಂಡಿದ್ದ ಹಾಡು, ಸಿನಿಮಾ, ಆ್ಯಪ್‌ಗಳಲ್ಲಿ ಕೆಲವು ಇಲ್ಲಿನ ಅಂಗಡಿಯಲ್ಲಿ ಇರದಿರಬಹುದು. ಬೇಕಾದ್ದನ್ನು ಮುಂಚೆಯೇ ಇಳಿಸಿಟ್ಟುಕೊಂಡಿರಬೇಕು.

ಆಂಡ್ರಾಯ್ಡ್ ಫೋನಿನ ಗೂಗಲ್ ಪ್ಲೇ ಇದೇ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿದೆ. ಬ್ಯಾಲೆನ್ಸ್ ಇದ್ದರೂ ಅದು ದೇಶ ಬದಲಿಸಲು ಬಿಡುತ್ತದೆ, ಆದರೆ ಹಣ ಹಳೆಯ ದೇಶದಲ್ಲೇ ಉಳಿಯುತ್ತದೆ. ಹೊಸ ದೇಶದಲ್ಲಿ ಅದನ್ನು ಬಳಸುವಂತಿಲ್ಲ. ಬದಲಾವಣೆಗೆ ವರ್ಷಕ್ಕೆ ಒಂದೇ ಅವಕಾಶ. ಆಪಲ್ ಬಾಗಿಲಲ್ಲಿ ತಡೆದು ಲೆಕ್ಕ ಕೇಳುತ್ತದೆ, ಗೂಗಲ್ ಲೆಕ್ಕವನ್ನು ಹಿಂದೆ ಬಿಟ್ಟು ಹೋಗಲು ಹೇಳುತ್ತದೆ. ಗಡಿ ದಾಟಿಸಲು ಇಬ್ಬರೂ ಒಪ್ಪಿಲ್ಲ.

ವಿದೇಶದಿಂದ ಮರಳುವ, ಇಲ್ಲಿಂದ ವಿದೇಶಕ್ಕೆ ಹೊರಡುವ ಯೋಚನೆ ಇದ್ದವರು ಇಷ್ಟು ನೆನಪಿಡಿ: ಹೊರಡುವ ವರ್ಷ ಯಾವ ಆ್ಯಪಿಗೂ ವಾರ್ಷಿಕ ಚಂದಾ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲೇ ಇರಿ.