ಬಹುಮಾನದ ಸಾಲು ಕೊನೆಗಿರಲಿ

ಕಾಲೇಜಿನಲ್ಲಿ ಹ್ಯಾಕಥಾನ್ ಮಾಡೋಣ ಎಂದು ಹುಡುಗರು ತೀರ್ಮಾನಿಸಿದ ಸಂಜೆಯೇ ಪೋಸ್ಟರ್ ತಯಾರಾಗುತ್ತದೆ. ‘ಒಟ್ಟು ಬಹುಮಾನ 1 ಲಕ್ಷ ರೂಪಾಯಿ’ ಎಂಬ ಸಾಲು ಅದರಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿರುತ್ತದೆ. ಆ ಲಕ್ಷ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಸ್ಪಾನ್ಸರ್ ಕೊಡ್ತಾರೆ ಸರ್’ ಎನ್ನುತ್ತಾರೆ. ಯಾವ ಸ್ಪಾನ್ಸರ್ ಎಂದರೆ ಇನ್ನೂ ಹುಡುಕಬೇಕು. ಬಜೆಟ್ ತಲೆಕೆಳಗಾಗುವುದು ಇಲ್ಲಿಯೇ. ನೂರಾರು ಜನಕ್ಕೆ ಒಂದು ಹಗಲು ಒಂದು ರಾತ್ರಿ ಊಟ, ಕರೆಂಟು, ಇಂಟರ್ನೆಟ್ ಒದಗಿಸುವ ಕೆಲಸ ಇದು. ಆ ಖರ್ಚನ್ನು ಮೊದಲು ಬರೆದು, ಉಳಿದದ್ದರಲ್ಲಿ ಬಹುಮಾನ ನೋಡಬೇಕು.

ಹ್ಯಾಕಥಾನ್ ಎಂದರೆ ವಿದ್ಯಾರ್ಥಿಗಳ ತಂಡಗಳು ಒಂದೇ ಕಡೆ ಕುಳಿತು, ಕೊಟ್ಟ ಸಮಸ್ಯೆಗೆ ಗಡುವಿನೊಳಗೆ ಒಂದು ಆ್ಯಪ್ಪನ್ನೋ ಉಪಕರಣವನ್ನೋ ಮಾಡಿ ತೋರಿಸುವ ಸ್ಪರ್ಧೆ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆಯದು. ಕಾಲೇಜು ಮಟ್ಟದಲ್ಲಿ 24 ಗಂಟೆಯದೇ ಹೆಚ್ಚು. ಜಿಲ್ಲಾ ಕೇಂದ್ರದ ಒಂದು ಎಂಜಿನಿಯರಿಂಗ್ ಕಾಲೇಜು ಶನಿವಾರ 11 ಗಂಟೆಗೆ ಆರಂಭಿಸಿ ಭಾನುವಾರ 11ಕ್ಕೆ ಮುಗಿಸುವ ಹ್ಯಾಕಥಾನ್ ಇಟ್ಟುಕೊಂಡಿದೆ ಎಂದುಕೊಂಡು ಲೆಕ್ಕ ಹಾಕೋಣ. ದರಗಳು ಅಂದಾಜಿನವು, ಊರಿಂದೂರಿಗೆ ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ನಾಲ್ಕು ಜನರ 40 ತಂಡಗಳು, ಅಂದರೆ 160 ಸ್ಪರ್ಧಿಗಳು. ಊಟಕ್ಕೆ ಮಾತ್ರ 160 ಎಂದು ಬರೆಯುವಂತಿಲ್ಲ. ಸ್ವಯಂಸೇವಕರು 25 ಜನ, ತೀರ್ಪುಗಾರರು ಮತ್ತು ಮಾರ್ಗದರ್ಶಕರು 10, ರಾತ್ರಿ ಪಾಳಿಯ ಕಾವಲುಗಾರ, ಎಲೆಕ್ಟ್ರಿಷಿಯನ್, ಶೌಚಾಲಯ ತೊಳೆಯುವವರು ಸೇರಿ ಇನ್ನೈದು. ಒಟ್ಟು 200 ತಟ್ಟೆ. ಪಟ್ಟಿಯಲ್ಲಿ ಬಿಟ್ಟುಹೋಗುವವರು ಸಾಮಾನ್ಯವಾಗಿ ಈ ಕೊನೆಯ ಐದು ಜನ. ಮಧ್ಯರಾತ್ರಿ ಫ್ಯೂಸ್ ಹೋದಾಗ ಬೇಕಾಗುವವರೂ ಅವರೇ.

ಬಂದಾಗ ಚಹಾ ಬಿಸ್ಕತ್ತಿಗೆ 15 ರೂಪಾಯಿ, ಮಧ್ಯಾಹ್ನದ ಊಟ 100, ಸಂಜೆ ಕಾಫಿ ಮತ್ತು ಮಂಡಕ್ಕಿ ಅಥವಾ ಬಜ್ಜಿ 30, ರಾತ್ರಿ ಊಟ 100, ನಡುರಾತ್ರಿ ಚಹಾ, ಬನ್ನು, ಬಾಳೆಹಣ್ಣು 25, ಬೆಳಗ್ಗೆ ಇಡ್ಲಿ ವಡೆ 50, ಭಾನುವಾರದ ಊಟ 100. ತಲೆಗೆ 420 ರೂಪಾಯಿ, 200 ಜನಕ್ಕೆ 84,000. ಕುಡಿಯುವ ನೀರಿನ 20 ಲೀಟರ್ ಕ್ಯಾನುಗಳು, ಲೋಟ, ಎಂಜಲು ತಟ್ಟೆ ವಿಲೇವಾರಿಗೆ 6,000 ಸೇರಿಸಿದರೆ ಊಟದ ಬಾಬತ್ತು 90,000 ಆಯಿತು.

ಈ ಲೆಕ್ಕ ಕೆಡುವುದು ದರದಲ್ಲಲ್ಲ, ತಲೆಎಣಿಕೆಯಲ್ಲಿ. ನೋಂದಣಿ ಉಚಿತವಾಗಿದ್ದರೆ ಹೆಸರು ಕೊಟ್ಟವರಲ್ಲಿ ಎಷ್ಟೋ ಮಂದಿ ಬರುವುದೇ ಇಲ್ಲ. ಅಡುಗೆಯವರಿಗಾದರೋ ಎರಡು ದಿನ ಮೊದಲೇ ಕನಿಷ್ಠ ತಟ್ಟೆಗಳ ಸಂಖ್ಯೆ ಹೇಳಿರಬೇಕು, ಉಂಡವರು ಕಡಿಮೆಯಾದರೂ ಅಷ್ಟಕ್ಕೆ ಹಣ ಕೊಡಬೇಕು. ತಲೆಗೆ 250 ರೂಪಾಯಿ ಶುಲ್ಕ ಇಟ್ಟರೆ ಬರುವವರು ಮಾತ್ರ ಕಟ್ಟುತ್ತಾರೆ, ಜೊತೆಗೆ 40,000 ರೂಪಾಯಿ ಕೈಗೆ ಬರುತ್ತದೆ. ಪ್ರತಿ ಹೊತ್ತಿಗೂ ಬೇರೆ ಕೂಪನ್ ಕೊಟ್ಟು, ಒಟ್ಟಾದ ಕೂಪನ್ ಎಣಿಸಿ ಅಡುಗೆಯವರ ಬಿಲ್ಲಿಗೆ ತಾಳೆ ನೋಡುವುದು ಹಳೆಯ ಪದ್ಧತಿ. ಕ್ಯೂಆರ್ ಕೋಡಿಗಿಂತ ಗಟ್ಟಿ ಕೂಡ. ಅಂದ ಹಾಗೆ, ಭಾನುವಾರ ಬೆಳಗಿನ ತಿಂಡಿಗೆ ಪೂರ್ತಿ 200 ಹೇಳಬೇಕಾಗಿಲ್ಲ. ಆ ಹೊತ್ತಿಗೆ ಒಂದಷ್ಟು ಹುಡುಗರು ಕೀಬೋರ್ಡಿನ ಮೇಲೇ ಮಲಗಿರುತ್ತಾರೆ.

ಮುಂದಿನ ಬಾಬತ್ತು ಕರೆಂಟು. ಒಂದು ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಎಂದರೆ 160ಕ್ಕೆ 10,400 ವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 45 ಆಂಪಿಯರ್. ಎಲ್ಲವೂ ಏಕಕಾಲಕ್ಕೆ ಪೂರ್ತಿ ಎಳೆಯುವುದಿಲ್ಲ, ನಿಜ. ಆದರೆ ಫ್ಯಾನು, ದೀಪ, ಮೈಕಿಗೆಂದು ವೈರಿಂಗ್ ಮಾಡಿದ ಸಭಾಂಗಣದ ಒಂದೆರಡು ಲೈನುಗಳಿಗೆ ಇಷ್ಟನ್ನೂ ಹೇರುವಂತಿಲ್ಲ. ಮೈನ್ ಬೋರ್ಡಿನಿಂದ ಪ್ರತ್ಯೇಕ ಕೇಬಲ್ ಎಳೆದು, ಮೂರು ಫೇಸಿಗೂ ಹಂಚಿ, ತಂಡಕ್ಕೊಂದರಂತೆ ಎಕ್ಸ್‌ಟೆನ್ಶನ್ ಬೋರ್ಡ್ ಕೊಡಬೇಕು. ಬೋರ್ಡಿಗೆ ಬೋರ್ಡ್ ಸಿಕ್ಕಿಸಿಕೊಂಡು ಹೋಗುವುದನ್ನು ಎಲೆಕ್ಟ್ರಿಷಿಯನ್ ಬಿಡಬಾರದು, ಯಾವುದಾದರೂ ಪ್ಲಗ್ ಮುಟ್ಟಿದರೆ ಬಿಸಿಯಾಗಿದ್ದರೆ ಆ ಲೈನಿನ ಭಾರ ಇಳಿಸಬೇಕು. ರಾತ್ರಿ ಯಾರೋ ನೂಡಲ್ಸ್‌ಗೆಂದು 1,500 ವ್ಯಾಟಿನ ಕೆಟಲ್ ಹಾಕುತ್ತಾರೆ, ಅರ್ಧ ಸಭಾಂಗಣದ ಬ್ರೇಕರ್ ಬೀಳುತ್ತದೆ. ಕೆಟಲ್‌ಗೆ ಹೊರಗಡೆ ಬೇರೆ ಲೈನಿನಲ್ಲಿ ಒಂದು ಜಾಗ ತೋರಿಸಿಬಿಡುವುದು ಮೇಲು. ಕೇಬಲ್, ಬೋರ್ಡು, ಎಲೆಕ್ಟ್ರಿಷಿಯನ್ ಸೇರಿ 16,000, ಬಾಡಿಗೆ ಜನರೇಟರ್ ಮತ್ತು ಡೀಸೆಲ್‌ಗೆ 15,000 ಇಡೋಣ.

ಇಂಟರ್ನೆಟ್ಟಿಗೆ 14,000. ಹಣಕ್ಕಿಂತ ಇಲ್ಲಿ ಒಂದು ಎಣಿಕೆ ಮುಖ್ಯ. ಪ್ರತಿಯೊಬ್ಬರ ಬಳಿ ಲ್ಯಾಪ್‌ಟಾಪ್ ಒಂದು, ಫೋನ್ ಒಂದು, ಅಂದರೆ ಸ್ಪರ್ಧಿಗಳದೇ 320 ಸಾಧನಗಳು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದು ವೈಫೈ ಜಾಲ 254 ಐಪಿ ವಿಳಾಸಗಳನ್ನಷ್ಟೇ ಹಂಚಬಲ್ಲದು. ಆಮೇಲೆ ಬಂದವರಿಗೆ ಸಿಗ್ನಲ್ ಪೂರ್ತಿ ಕಾಣಿಸುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ. ‘ಸ್ಪೀಡ್ ಸಾಲದು’ ಎಂದು ಸಂಘಟಕರು ಇನ್ನೊಂದು ಬ್ರಾಡ್‌ಬ್ಯಾಂಡ್ ಲೈನ್ ಕೊಳ್ಳುತ್ತಾರೆ, ತೊಂದರೆ ಹಾಗೇ ಇರುತ್ತದೆ. ಮೊದಲೇ ಬಂದವರಿಗೆ ಚೆನ್ನಾಗಿ ನಡೆದು, ತಡವಾಗಿ ಬಂದವರಿಗೆ ಮಾತ್ರ ಸಿಗದಿದ್ದರೆ ರೋಗ ವಿಳಾಸದ್ದು. ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವರು ವಿಳಾಸಗಳ ಮಿತಿಯನ್ನು ಎರಡರಷ್ಟು ಮಾಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಹಣ ಹೋಗಬೇಕಾದದ್ದು ಆ್ಯಕ್ಸೆಸ್ ಪಾಯಿಂಟುಗಳಿಗೆ. ಒಂದೊಂದಕ್ಕೆ 30-40 ಸಾಧನಗಳಿಗಿಂತ ಹೆಚ್ಚು ಹೇರದಂತೆ ಎಂಟು ಹತ್ತು ಬೇಕು. ಲ್ಯಾಬುಗಳಿಂದ ಕಡ ತಂದರೆ ಕೇಬಲ್ಲು, ಸ್ವಿಚ್ಚಿನ ಖರ್ಚಷ್ಟೇ.

ಮುದ್ರಣ, ಗುರುತಿನ ಚೀಟಿ, ಪ್ರಮಾಣಪತ್ರಕ್ಕೆ 15,000, ತೀರ್ಪುಗಾರರ ಪ್ರಯಾಣ ಮತ್ತು ಗೌರವಧನಕ್ಕೆ 15,000, ರಾತ್ರಿಗೆ ಚಾಪೆ, ಸ್ವಚ್ಛತೆ, ಪ್ರಥಮ ಚಿಕಿತ್ಸೆಗೆ 10,000. ಈವರೆಗಿನದು 1,75,000. ಶೇ 10ರಷ್ಟು ಆಪತ್ತಿಗೆಂದು ಎತ್ತಿಟ್ಟರೆ 1,92,500. ಒಂದು ರೂಪಾಯಿ ಬಹುಮಾನವಿಲ್ಲದೆಯೂ ಇಷ್ಟು ಬೇಕೇ ಬೇಕು. 30, 20, 10 ಸಾವಿರದ ಮೂರು ಬಹುಮಾನ ಸೇರಿಸಿದರೆ 2,52,500.

ಖಚಿತವಾಗಿ ಬರುವುದು ಶುಲ್ಕದ 40,000 ಮತ್ತು ಆಡಳಿತ ಮಂಡಳಿ ಒಪ್ಪಿದ 60,000. ಉಳಿದದ್ದಕ್ಕೆ ಸ್ಪಾನ್ಸರ್. ಮಾಮೂಲಿನಂತೆ ಟೈಟಲ್ ಒಬ್ಬರಿಗೆ 75,000, ಗೋಲ್ಡ್ ಇಬ್ಬರಿಗೆ ತಲಾ 30,000, ಸಿಲ್ವರ್ ನಾಲ್ವರಿಗೆ ತಲಾ 10,000. ಎಲ್ಲ ಭರ್ತಿಯಾದರೆ 1,75,000. ದರ್ಜೆಗಳ ನಡುವಿನ ಅಂತರ ಬ್ಯಾನರಿನ ಮೇಲಿನ ಲೋಗೊ ಅಳತೆಯಲ್ಲಿ ಮಾತ್ರ ಇದ್ದರೆ ಯಾರೂ ಮೇಲಿನ ದರ್ಜೆಗೆ ಬರುವುದಿಲ್ಲ. ಟೈಟಲ್ ಸ್ಪಾನ್ಸರ್‌ಗೆ ತಮ್ಮದೇ ಒಂದು ಸಮಸ್ಯೆಯನ್ನು ಸ್ಪರ್ಧೆಗೆ ಇಡುವ ಅವಕಾಶ ಮತ್ತು ತೀರ್ಪುಗಾರರಲ್ಲಿ ಒಂದು ಸ್ಥಾನ, ಗೋಲ್ಡ್‌ಗೆ ಮಳಿಗೆ ಮತ್ತು ಒಪ್ಪಿದ ವಿದ್ಯಾರ್ಥಿಗಳ ರೆಸ್ಯೂಮೆ, ಸಿಲ್ವರ್‌ಗೆ ಲೋಗೊ. ರೆಸ್ಯೂಮೆ ಕೊಡಲು ‘ಒಪ್ಪಿದ್ದೇನೆ’ ಎಂಬ ಗುರುತನ್ನು ನೋಂದಣಿ ಅರ್ಜಿಯಲ್ಲೇ ಹಾಕಿಸಿಕೊಳ್ಳಬೇಕು. ಜಿಲ್ಲಾ ಕೇಂದ್ರದಲ್ಲಿ ಸಿಲ್ವರ್‌ಗೆ ಬರುವವರು ಕಂಪ್ಯೂಟರ್ ಅಂಗಡಿ, ಕೋಚಿಂಗ್ ಕೇಂದ್ರ, ಬೇಕರಿಯವರು. ಗೋಲ್ಡ್, ಟೈಟಲ್ ಸಿಗುವುದು ಬಹುಪಾಲು ಹಳೆಯ ವಿದ್ಯಾರ್ಥಿಗಳ ಮೂಲಕ.

ಹುಡುಗರ ಪತ್ರಗಳಲ್ಲಿ ‘ತಮ್ಮ ಸಿಎಸ್‌ಆರ್ ನಿಧಿಯಿಂದ’ ಎಂಬ ಕೋರಿಕೆ ಕಾಣುತ್ತಿರುತ್ತದೆ. ತಮ್ಮ ಸರಕು ಸೇವೆಗಳ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ನಿಯಮಗಳೇ ಹೊರಗಿಟ್ಟಿವೆ. ಲೋಗೊ ಹಾಕುತ್ತೇವೆ ಎಂಬ ಮಾತೂ ಸಿಎಸ್‌ಆರ್ ಕೋರಿಕೆಯೂ ಒಂದೇ ಪತ್ರದಲ್ಲಿದ್ದರೆ ಅದು ಮುಂದಕ್ಕೆ ಹೋಗುವುದು ಕಷ್ಟ. ಕೇಳಬೇಕಾದದ್ದು ಮಾರ್ಕೆಟಿಂಗ್ ಅಥವಾ ನೇಮಕಾತಿ ವಿಭಾಗವನ್ನು.

ಇನ್ನೊಂದು ಬಲೆ ವಸ್ತುರೂಪದ ಪ್ರಾಯೋಜಕತ್ವ. ಕ್ಲೌಡ್ ಕಂಪನಿಯೊಂದು ‘ಒಂದು ಲಕ್ಷ ಮೌಲ್ಯದ ಕ್ರೆಡಿಟ್’ ಕೊಟ್ಟರೆ ವರಮಾನದ ಸಾಲಿನಲ್ಲಿ ಲಕ್ಷ ಬರೆಯುವವರಿದ್ದಾರೆ. ಆ ಕ್ರೆಡಿಟ್ ತೋರಿಸಿದರೆ ಅಡುಗೆಯವರು ಒಂದು ಲೋಟ ಮಜ್ಜಿಗೆಯನ್ನೂ ಕೊಡುವುದಿಲ್ಲ. ನಗದಿಗೊಂದು ಅಂಕಣ, ವಸ್ತುವಿಗೊಂದು ಅಂಕಣ, ಎರಡನ್ನೂ ಕೂಡಿಸಬಾರದು.

ನಗದು ಕೂಡ ಹೇಳಿದಷ್ಟು ಬರುವುದಿಲ್ಲ. 75,000 ಎಂದಾಗ ಜಿಎಸ್‌ಟಿ ಸೇರಿಯೋ ಹೊರತಾಗಿಯೋ ಎಂದು ಪತ್ರದಲ್ಲಿರಬೇಕು. ಶೇ 18ರ ತೆರಿಗೆ ಸೇರಿಯೇ 75,000 ಎಂದು ಆದರೆ, ಕಾಲೇಜಿಗೆ ಉಳಿಯುವುದು ಸುಮಾರು 63,500. ತೆರಿಗೆಯನ್ನು ಯಾರು ಕಟ್ಟಬೇಕೆಂಬುದು ಕಾಲೇಜಿನ ನೋಂದಣಿಯನ್ನು ಅವಲಂಬಿಸಿದ್ದು, ಲೆಕ್ಕಪತ್ರ ವಿಭಾಗವನ್ನು ಪತ್ರ ಕಳಿಸುವ ಮೊದಲೇ ಕೇಳಬೇಕು. ಜೊತೆಗೆ ಕಂಪನಿ ಟಿಡಿಎಸ್ ಹಿಡಿಯಬಹುದು. ಬಿಲ್ಲು ಕಳಿಸಿ ಒಂದೆರಡು ತಿಂಗಳಿಗೆ ಹಣ ಬರುವುದೂ ಉಂಟು. ಅಡುಗೆಯವರು, ಜನರೇಟರಿನವರು ಮಾತ್ರ ಮುಂಗಡ ಕೇಳುತ್ತಾರೆ. ಹೀಗಾಗಿ ಮಂಡಳಿಯ 60,000 ಕಾರ್ಯಕ್ರಮಕ್ಕೆ ಮೊದಲೇ ಕೈಗೆ ಸಿಗುವಂತೆ ಒಪ್ಪಿಸಿಕೊಳ್ಳುವುದು, ಮೊತ್ತ ಹೆಚ್ಚಿಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ.

ಈಗ ಕೆಟ್ಟ ದಿನದ ಲೆಕ್ಕ. ಟೈಟಲ್ ಸಿಗಲಿಲ್ಲ, ಗೋಲ್ಡ್ ಒಬ್ಬರು, ಸಿಲ್ವರ್ ಮೂವರು ಬಂದರು. 60,000 ಆಯಿತು, ಮೊದಲಿನ ಲಕ್ಷ ಸೇರಿ 1,60,000. ಬಹುಮಾನ ಬಿಟ್ಟರೂ 32,500 ಕಡಿಮೆ. ಎಲ್ಲರಿಗೂ ಮೊದಲು ಹೊಳೆಯುವುದು ತಂಡಗಳನ್ನು 30ಕ್ಕೆ ಇಳಿಸುವುದು. 40 ಜನ ಕಡಿಮೆಯಾದರೆ ಊಟದಲ್ಲಿ 16,800 ಉಳಿಯುತ್ತದೆ, ಆದರೆ ಶುಲ್ಕದಲ್ಲಿ 10,000 ಹೋಗುತ್ತದೆ. ಲಾಭ 6,800 ಅಷ್ಟೇ, ಜನರೇಟರ್ ಬಾಡಿಗೆ ಇದ್ದಷ್ಟೇ ಇರುತ್ತದೆ. ಬದಲಿಗೆ ಗಡಿಯಾರ ಸರಿಸಿ ನೋಡಿ. ಶನಿವಾರ 11ರ ಬದಲು 9ಕ್ಕೆ ಆರಂಭಿಸಿದರೆ ಭಾನುವಾರ ಮಧ್ಯಾಹ್ನಕ್ಕೆ ತೀರ್ಪು ಮುಗಿಯುತ್ತದೆ, ಆ ದಿನದ ಊಟವೇ ಬೇಡ. ಒಂದೇ ಏಟಿಗೆ 20,000 ಉಳಿಯಿತು. ಪರ ಊರಿನ ತಂಡಗಳು ಶುಕ್ರವಾರ ರಾತ್ರಿಯೇ ಬರಬೇಕಾಗುತ್ತದೆ, ಅವರಿಗೆ ಹಾಸ್ಟೆಲಿನಲ್ಲಿ ಜಾಗ ಕೇಳಿಕೊಳ್ಳಬೇಕು. ಮುದ್ರಣದಲ್ಲಿ 5,000, ಹತ್ತಿರದ ತೀರ್ಪುಗಾರರನ್ನೇ ಕರೆದು 8,000. ಒಟ್ಟು 33,000 ಸಿಕ್ಕಿತು. ಆಪತ್ತಿನ ಹಣಕ್ಕೆ ಕೈ ಹಾಕಲಿಲ್ಲ.

ಇಂಥ ದಿನ ಬಹುಮಾನಕ್ಕೆ ಉಳಿಯುವುದು 500 ರೂಪಾಯಿ. ಅದಕ್ಕೇ 60,000ವನ್ನು ಟೈಟಲ್ ಸ್ಪಾನ್ಸರ್‌ನ ಹಣಕ್ಕೆ ಕಟ್ಟಿಡಬೇಕು, ಆ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಪೋಸ್ಟರಿನಲ್ಲಿ ಮೊತ್ತ ಹಾಕಬಾರದು. ಒಮ್ಮೆ ಮುದ್ರಿಸಿದ ಮೇಲೆ ಅದು ಕಾಲೇಜಿನ ಸಾಲ. ಟೈಟಲ್ ಬಾರದಿದ್ದರೆ ಕಂಪ್ಯೂಟರ್ ಅಂಗಡಿಯವರಿಂದ ಹಾರ್ಡ್ ಡಿಸ್ಕ್, ಕೀಬೋರ್ಡುಗಳನ್ನು ಬಹುಮಾನವಾಗಿ ಪಡೆಯಬಹುದು, ವಸ್ತುರೂಪದ ಪ್ರಾಯೋಜಕತ್ವ ನಿಜಕ್ಕೂ ಒದಗುವ ಜಾಗ ಇದು. ನಗದು ಕೊಡುವುದಾದರೆ ತಂಡದ ನಾಯಕನ ಖಾತೆಗೆ ಪೂರ್ತಿ ಹಾಕದೆ ನಾಲ್ವರಿಗೂ ಸಮನಾಗಿ ಹಾಕಬೇಕು. ಗೆದ್ದ ತಂಡಗಳ ಜಗಳಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ. ತೆರಿಗೆ ಹಿಡಿಯಬೇಕೇ ಎಂಬುದನ್ನೂ ಲೆಕ್ಕಪತ್ರ ವಿಭಾಗದವರಿಂದ ಮೊದಲೇ ತಿಳಿದು ಪೋಸ್ಟರಿನಲ್ಲೇ ಹಾಕಿದರೆ, ವೇದಿಕೆಯ ಮೇಲಿನ ದೊಡ್ಡ ಚೆಕ್ಕಿಗೂ ಖಾತೆಗೆ ಬಿದ್ದ ಹಣಕ್ಕೂ ವ್ಯತ್ಯಾಸವೇಕೆ ಎಂದು ಯಾರೂ ಕೇಳುವುದಿಲ್ಲ.

ಕಾರ್ಯಕ್ರಮ ಮುಗಿದ ವಾರದೊಳಗೆ ಒಂದು ಕೆಲಸ ಬಾಕಿ ಇರುತ್ತದೆ. ಸ್ಪಾನ್ಸರ್‌ಗೆ ಅವರ ಬ್ಯಾನರ್ ಕಾಣುವ ಚಿತ್ರಗಳು, ತಂಡಗಳ ಪಟ್ಟಿ, ಅವರ ಸಮಸ್ಯೆಗೆ ಬಂದ ಉತ್ತರಗಳು, ಬಿಲ್ಲು ಇವಿಷ್ಟನ್ನು ಒಟ್ಟಿಗೆ ಕಳಿಸಬೇಕು. ಈ ಕಾಗದಗಳಿಲ್ಲದೆ ಕಂಪನಿಯ ಲೆಕ್ಕಪತ್ರ ವಿಭಾಗ ಹಣ ಬಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂದು ಸಂಘಟಕರು ಚದುರಿಹೋದರೆ ಕಳಿಸುವವರೇ ಇರುವುದಿಲ್ಲ, ಆದ್ದರಿಂದ ಆ ಕೆಲಸಕ್ಕೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಬಜೆಟ್ ಬರೆಯುವ ದಿನವೇ ಗೊತ್ತುಮಾಡಬೇಕು. ಮುಂದಿನ ವರ್ಷ ಅದೇ ಕಂಪನಿಗೆ ಫೋನ್ ಮಾಡುವುದೂ ಆ ವಿದ್ಯಾರ್ಥಿಯೇ.