ಇಂಟರ್ನ್‌ಶಿಪ್ ಮುಗಿದ ಮೇಲೆ ಸೀಟಿದೆಯೇ?

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗಳು ಎರಡು ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬಂದಳು. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ ಓದುತ್ತಿದ್ದಾಳೆ. ಎರಡೂ ಬೆಂಗಳೂರಿನ ಕಂಪನಿಗಳು, ಎರಡೂ ಫೆಬ್ರುವರಿಯಿಂದ ಜೂನ್‌ವರೆಗಿನ ಇಂಟರ್ನ್‌ಶಿಪ್. ದೊಡ್ಡ ಕಂಪನಿ ತಿಂಗಳಿಗೆ 25,000 ರೂಪಾಯಿ ಸ್ಟೈಪೆಂಡ್ ಕೊಡುತ್ತಿತ್ತು, ಚಿಕ್ಕದು 18,000. ಎರಡು ಪತ್ರಗಳ ಕೊನೆಯಲ್ಲೂ ಹೆಚ್ಚುಕಡಿಮೆ ಒಂದೇ ಸಾಲು: ಕೆಲಸ ತೃಪ್ತಿಕರವಾಗಿದ್ದರೆ ಮತ್ತು ಕಂಪನಿಗೆ ಅಗತ್ಯವಿದ್ದರೆ ಕಾಯಂ ಹುದ್ದೆಗೆ ಪರಿಗಣಿಸಲಾಗುವುದು.

“ಮಾವ, ಯಾವುದರಲ್ಲಿ ಕೆಲಸ ಆಗತ್ತೆ?” ಅಂದಳು.

ಆ ಸಾಲಿನ ಮೊದಲರ್ಧವನ್ನು ಮಕ್ಕಳು ನೂರು ಸಲ ಓದುತ್ತಾರೆ. ಚೆನ್ನಾಗಿ ದುಡಿದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಂಬಿ ರಾತ್ರಿ ಹತ್ತರವರೆಗೆ ಆಫೀಸಿನಲ್ಲಿ ಕೂರುತ್ತಾರೆ. ಹತ್ತು ವರ್ಷದಿಂದ ತಂಡಕ್ಕೆ ಜನರನ್ನು ಆರಿಸುವ ಕಡೆ ಇರುವ ನನ್ನ ಅನುಭವದಲ್ಲಿ ಹಣೆಬರಹ ಬರೆಯುವುದು ಎರಡನೆಯ ಅರ್ಧ. ಕಂಪನಿಯಲ್ಲಿ ಕಾಯಂ ಹುದ್ದೆಯೊಂದು ಸೃಷ್ಟಿಯಾಗಬೇಕಾದರೆ ಮ್ಯಾನೇಜರ್ ಕೇಳಬೇಕು, ಅವರ ಮೇಲಿನವರು ಒಪ್ಪಬೇಕು, ಹಣಕಾಸು ವಿಭಾಗ ಆ ವರ್ಷದ ಬಜೆಟ್‌ನಲ್ಲಿ ಅದಕ್ಕೆ ಜಾಗ ಮಾಡಬೇಕು. ಹೀಗೆ ಮಂಜೂರಾದ ಸೀಟನ್ನು ಆಫೀಸಿನಲ್ಲಿ ಹೆಡ್‌ಕೌಂಟ್ ಅನ್ನುತ್ತಾರೆ. ಇಂಟರ್ನ್‌ಗೆ ಕೊಡುವ ಸ್ಟೈಪೆಂಡ್ ಬಹಳ ಕಡೆ ಬೇರೆ ಖಾತೆಯಿಂದ ಬರುತ್ತದೆ, ಅದಕ್ಕೆ ಸೀಟು ಬೇಕಿಲ್ಲ. ಹಾಗಾಗಿ ಒಂದೂ ಸೀಟಿಲ್ಲದ ತಂಡ ನಾಲ್ಕು ಇಂಟರ್ನ್‌ಗಳನ್ನು ಇಟ್ಟುಕೊಳ್ಳಬಹುದು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ತಂಡದ ಎಲ್ಲರೂ ಮೆಚ್ಚಿದ್ದ ಹುಡುಗನೊಬ್ಬನನ್ನು ಜೂನ್ ಕೊನೆಯಲ್ಲಿ ನಾನೇ ಬೀಳ್ಕೊಡಬೇಕಾಯಿತು. ಅವನದೇನೂ ತಪ್ಪಿರಲಿಲ್ಲ. ನಾನು ಕೇಳಿದ್ದ ಸೀಟು ಮಾರ್ಚ್‌ನಲ್ಲೇ ರದ್ದಾಗಿತ್ತು, ಅದನ್ನು ಅವನಿಗೆ ಆಗಲೇ ಹೇಳುವ ಧೈರ್ಯ ನಾನು ಮಾಡಿರಲಿಲ್ಲ. ಮೂರು ತಿಂಗಳು ಅವನು ಬೇರೆಲ್ಲೂ ಅರ್ಜಿ ಹಾಕದೆ ಕೂತಿದ್ದ. ಆ ನೋವು ನನಗೆ ಇವತ್ತಿಗೂ ಹೋಗಿಲ್ಲ.

ಸೀಟಿದೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದ ಪೂರ್ತಿ ತಿಳಿಯಲಾಗದು, ಆದರೆ ಕಂಪನಿಯ ಹಳೆಯ ನಡೆಯನ್ನು ಎಣಿಸಬಹುದು. ಅವಳೂ ನಾನೂ ಲಿಂಕ್ಡ್‌ಇನ್ ತೆರೆದು ಕೂತೆವು. ಕಂಪನಿಯ ಹೆಸರು, ‘ಇಂಟರ್ನ್’ ಎಂಬ ಪದ, ಕಳೆದ ವರ್ಷದ ಜನವರಿ–ಜೂನ್ ಅವಧಿ. ದೊಡ್ಡ ಕಂಪನಿಯಲ್ಲಿ 36 ಜನ ಸಿಕ್ಕರು. ಒಬ್ಬೊಬ್ಬರ ಪುಟ ತೆರೆದು, ಇಂಟರ್ನ್‌ಶಿಪ್ ಮುಗಿದ ಮರುತಿಂಗಳು ಅವರೇನಾಗಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಹೋದೆವು. ಅದೇ ಕಂಪನಿಯಲ್ಲಿ ಎಂಜಿನಿಯರ್ ಆದವರು 5. ಮತ್ತೆ ಆರು ತಿಂಗಳು ಇಂಟರ್ನ್ ಆಗಿಯೇ ಮುಂದುವರಿದವರು 9. ಉಳಿದ 22 ಜನ ಬೇರೆಡೆ ಹೋಗಿದ್ದರು, ಇಲ್ಲವೇ ಪುಟ ಅಲ್ಲಿಗೇ ನಿಂತಿತ್ತು. ಆ 9 ಜನರನ್ನೂ ಅವಳು ‘ಉಳಿದುಕೊಂಡವರು’ ಎಂದು ಮೊದಲು ಲೆಕ್ಕಕ್ಕೆ ಸೇರಿಸಿದ್ದಳು. ಸೇರಿಸಬಾರದು. ಕೆಲಸವಿದೆ, ಸೀಟಿಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಸಿಗದು.

ಚಿಕ್ಕ ಕಂಪನಿಯಲ್ಲಿ ಮೂರು ವರ್ಷದ್ದು ಸೇರಿಸಿದರೂ 7 ಇಂಟರ್ನ್‌ಗಳು, ಅವರಲ್ಲಿ 4 ಜನ ಕಾಯಂ. ಏಳು ಜನರ ಲೆಕ್ಕವನ್ನು ಶೇಕಡಾವಾರು ಮಾಡಿ ಹಿಗ್ಗುವುದು ಸರಿಯಲ್ಲ, ಒಬ್ಬರು ಆಚೀಚೆಯಾದರೂ ಚಿತ್ರ ಬದಲಾಗುತ್ತದೆ. ಸಿಗದ ಮೂವರನ್ನು ನಾವು ಇನ್ನಷ್ಟು ಹತ್ತಿರದಿಂದ ನೋಡಿದೆವು. ಮೂವರೂ ಒಂದೇ ವರ್ಷದವರು. ಆ ವರ್ಷ ಕಂಪನಿಯ ಹಳೆಯ ನೌಕರರೂ ಹಲವರು ಬಿಟ್ಟುಹೋಗಿದ್ದರು. ಅಂದರೆ ದುಡ್ಡಿದ್ದ ವರ್ಷ ಬಂದವರನ್ನೆಲ್ಲ ಉಳಿಸಿಕೊಂಡಿದ್ದಾರೆ, ಬಿಗಿಯಾದ ವರ್ಷ ಯಾರನ್ನೂ ಇಲ್ಲ. ಹಾಗಾದರೆ ಇವಳು ಕೇಳಬೇಕಾದ ಪ್ರಶ್ನೆ ಒಂದೇ: ಈ ವರ್ಷ ಹೇಗಿದೆ?

ಈ ಎಣಿಕೆಗೂ ಮಿತಿಯಿದೆ. ಕೆಲಸ ಸಿಕ್ಕವರು ಅದೇ ದಿನ ಪುಟ ತಿದ್ದುತ್ತಾರೆ, ಸಿಗದವರು ಸುಮ್ಮನಿರುತ್ತಾರೆ ಅಥವಾ ಆ ಸಾಲನ್ನೇ ತೆಗೆದುಬಿಡುತ್ತಾರೆ. ಆದ್ದರಿಂದ ಕಂಡ ಪ್ರಮಾಣ ನಿಜಕ್ಕಿಂತ ತುಸು ಚೆನ್ನಾಗಿಯೇ ಇರುತ್ತದೆ. ಬೇರೆಡೆ ಹೋದವರಲ್ಲಿ ಕೆಲವರು ಆಫರ್ ಬಂದರೂ ಒಲ್ಲೆ ಎಂದವರಿರಬಹುದು. ಅದನ್ನು ತಿಳಿಯಲು ಇಬ್ಬರು ಹಳೆಯ ಇಂಟರ್ನ್‌ಗಳಿಗೆ ಎರಡು ಸಾಲು ಬರೆದು ಕೇಳಿದರೆ ಸಾಕು. ಸೀನಿಯರ್‌ಗಳು ಇಂಥದಕ್ಕೆ ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.

ಕಂಪನಿಗೆ ಕೇಳುವ ಪ್ರಶ್ನೆಯನ್ನೂ ತಿದ್ದಿಕೊಳ್ಳಬೇಕು. “ಕನ್ವರ್ಷನ್ ಇದೆಯಾ ಸರ್?” ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ಅವಳಿಗೆ ನಾನು ಬರೆದುಕೊಟ್ಟದ್ದು ಹೀಗೆ: “ಈ ತಂಡದಲ್ಲಿ ಫ್ರೆಷರ್ ಹುದ್ದೆ ಈಗಾಗಲೇ ಮಂಜೂರಾಗಿದೆಯೇ, ಇಲ್ಲ ಮುಂದೆ ಕೇಳಬೇಕೇ? ನಿರ್ಧಾರ ಯಾರದು, ಯಾವ ತಿಂಗಳಲ್ಲಿ?” ದೊಡ್ಡ ಕಂಪನಿಯ ಎಚ್‌ಆರ್, ಒಳ್ಳೆಯ ಕೆಲಸಗಾರರಿಗೆ ಯಾವಾಗಲೂ ಜಾಗ ಇದ್ದೇ ಇರುತ್ತದೆ ಎಂದರು. ಕೇಳಲು ಹಿತವಾದ ಮಾತು, ಆದರೆ ಅದರಲ್ಲಿ ತಿಂಗಳೂ ಇಲ್ಲ, ವ್ಯಕ್ತಿಯೂ ಇಲ್ಲ. ಚಿಕ್ಕ ಕಂಪನಿಯ ಮ್ಯಾನೇಜರ್ ಹೇಳಿದ್ದು: “ಎರಡು ಸೀಟು ಕೇಳಿದ್ದೀನಮ್ಮ, ಒಂದು ಸಿಗಬಹುದು. ಏಪ್ರಿಲ್ ಕೊನೆಗೆ ಗೊತ್ತಾಗತ್ತೆ. ನೀವು ಮೂವರು ಇರ್ತೀರಿ.”

ಏಪ್ರಿಲ್ ಎಂದದ್ದಕ್ಕೆ ಕಾರಣವಿದೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ, ಹೊಸ ಬಜೆಟ್‌ನ ಸೀಟುಗಳು ಆಗ ಖಚಿತವಾಗುತ್ತವೆ. ಫೆಬ್ರುವರಿ–ಜೂನ್ ಇಂಟರ್ನ್‌ಶಿಪ್ ಸರಿಯಾಗಿ ಆ ಹೊಸ್ತಿಲನ್ನು ದಾಟುವುದರಿಂದ, ಅಂಥ ಕಂಪನಿಯ ಮ್ಯಾನೇಜರ್‌ಗೆ ಮೇ ಮೊದಲ ವಾರದ ಹೊತ್ತಿಗೆ ಉತ್ತರ ಗೊತ್ತಿರಲೇಬೇಕು. ವಿದೇಶಿ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ಬಹಳಷ್ಟು ಕಡೆ ಲೆಕ್ಕ ಜನವರಿಯಿಂದ. ಅಲ್ಲಿ ನೀವು ಸೇರುವ ಹೊತ್ತಿಗೇ ಸೀಟಿನ ಕಥೆ ತೀರ್ಮಾನವಾಗಿರುತ್ತದೆ, ಇಂಟರ್‌ವ್ಯೂನಲ್ಲೇ ಧಾರಾಳವಾಗಿ ಕೇಳಬಹುದು.

ಸರ್ಕಾರದ ಯೋಜನೆಗಳನ್ನು ಈ ಅಳತೆಗೋಲಿನಿಂದ ಅಳೆಯಬಾರದು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ನೆರವಿನೊಂದಿಗೆ 12 ತಿಂಗಳ ಅನುಭವ ಕೊಡುವ ಏರ್ಪಾಡಾಗಿ ರೂಪುಗೊಂಡಿತು, ಉದ್ಯೋಗದ ಭರವಸೆ ಅದರಲ್ಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಮುಗಿಸಿದವರಿಗೂ ಕಂಪನಿ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ಇನ್ನು ಇಂಟರ್ನ್‌ಶಿಪ್‌ಗೆ ನಿಮ್ಮಿಂದಲೇ ಶುಲ್ಕ ಕೇಳುವವರು ಸರ್ಟಿಫಿಕೇಟ್ ಮಾರುವವರು, ಅವರ ಬಳಿ ಸೀಟಿನ ಮಾತೇ ಬೇಡ.

ಒಂದು ಅಪಾಯ ಕಂಪನಿಯದಲ್ಲ, ಕಾಲೇಜಿನದು. ಕನ್ವರ್ಷನ್ ಸಾಧ್ಯತೆಯಿರುವ ಇಂಟರ್ನ್‌ಶಿಪ್ ಒಪ್ಪಿಕೊಂಡ ವಿದ್ಯಾರ್ಥಿಯನ್ನು ಕೆಲವು ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್ ‘ಪ್ಲೇಸ್ ಆದವರು’ ಎಂದು ಬರೆದುಕೊಂಡು ಮುಂದಿನ ಡ್ರೈವ್‌ಗಳಿಂದ ಕೈಬಿಡುತ್ತದೆ. ಜೂನ್‌ನಲ್ಲಿ ಕೈ ಖಾಲಿಯಾದಾಗ ಡ್ರೈವ್‌ಗಳೂ ಮುಗಿದಿರುತ್ತವೆ. ಅವಳು ಒಪ್ಪಿಗೆ ಕೊಡುವ ಮೊದಲೇ ಪ್ಲೇಸ್‌ಮೆಂಟ್ ಅಧಿಕಾರಿಗೆ ಇಮೇಲ್ ಬರೆದು, ಕಾಯಂ ಆಫರ್ ಕೈಗೆ ಬರುವವರೆಗೆ ಡ್ರೈವ್‌ಗಳಿಗೆ ಕೂರಬಹುದು ಎಂಬ ಉತ್ತರ ತರಿಸಿಕೊಂಡಳು. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಅವಳು ಮಾಡಿದ ಅತ್ಯಂತ ಜಾಣ ಕೆಲಸ ಅದು.

ಮೂವರಿಗೆ ಒಂದು ಸೀಟು, ಅದೂ ಬರಬಹುದು ಅಷ್ಟೆ. ಮೂರರಲ್ಲೊಂದಕ್ಕಿಂತ ಕಡಿಮೆ. ಆದರೂ ದೊಡ್ಡ ಕಂಪನಿಯ 36ಕ್ಕೆ 5ರ ಎದುರು ಅದು ಮೇಲು, ಜೊತೆಗೆ ಉತ್ತರ ಯಾವಾಗ ಬರುತ್ತದೆ ಎನ್ನುವುದು ಗೊತ್ತಿತ್ತು. ತಿಂಗಳಿಗೆ 7,000 ಕಡಿಮೆ ಎಂದು ಅಕ್ಕ ಸ್ವಲ್ಪ ಬೇಸರಪಟ್ಟಳು. ಹುಡುಗಿ ಚಿಕ್ಕ ಕಂಪನಿಗೇ ಸೇರಿದಳು.

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ನಾನು ಕೇಳುತ್ತಿದ್ದದ್ದು ಒಂದೇ, ನಿನ್ನ ಕೋಡ್ ಎಲ್ಲಿಗೆ ಹೋಗುತ್ತಿದೆ ಎಂದು. ಮೊದಲ ತಿಂಗಳು ಡೆಮೊ ಪ್ರಾಜೆಕ್ಟ್ ಕೊಟ್ಟಿದ್ದರು, ಅದು ಯಾರೂ ಬಳಸದ ಅಭ್ಯಾಸದ ಕೆಲಸ. ಮಾರ್ಚ್‌ನಲ್ಲಿ ಗ್ರಾಹಕರು ಬಳಸುವ ಬಿಲ್ಲಿಂಗ್ ಭಾಗದ ದೋಷಗಳನ್ನು ಅವಳ ಹೆಸರಿಗೆ ಹಾಕತೊಡಗಿದರು. ಏಪ್ರಿಲ್‌ನಲ್ಲಿ, ಜುಲೈನಿಂದ ಮಾಡಬೇಕಾದ ಕೆಲಸದ ಪಟ್ಟಿಯಲ್ಲೂ ಒಂದು ಕಡೆ ಅವಳ ಹೆಸರು ಕಂಡಿತು. ಜೂನ್‌ಗೆ ಹೋಗುವವಳ ಹೆಸರನ್ನು ಜುಲೈ ಕೆಲಸಕ್ಕೆ ಯಾರೂ ಸುಮ್ಮನೆ ಬರೆಯುವುದಿಲ್ಲ. ಆದರೂ ಎರಡು ಕ್ಯಾಂಪಸ್ ಡ್ರೈವ್‌ಗಳಿಗೆ ರಜೆ ಹಾಕಿ ಹೋಗಿ ಬಂದಳು.

ಏಪ್ರಿಲ್ 28ರ ಸಂಜೆ ಫೋನ್ ಬಂತು.

“ಮಾವ, ಒಂದೇ ಸೀಟಂತೆ. ನಂಬರ್ ಬಂದಿದೆಯಂತೆ. ಮೂವರಿಗೂ ಜೂನ್ 10ಕ್ಕೆ ಇಂಟರ್‌ವ್ಯೂ.”